ತೋಳಿನ ಮೇಲಿನ ನೀಲಿ ಗುರುತು

ಆ ವೃದ್ಧಾಶ್ರಮದ ಸಿಬ್ಬಂದಿ ಅಧಿಕಾರಿಗೆ ಎದುರಿನಲ್ಲಿ ಮೇಡಂ ಎಂದೂ ಬೆನ್ನ ಹಿಂದೆ ಮೆಣಸಿನಕಾಯಿ ಎಂದೂ ಹೆಸರಿತ್ತು. ಈ ಎರಡನೆಯ ಹೆಸರು ಆಕೆಗೂ ಗೊತ್ತಿತ್ತು. ಸಪ್ಪೆ ಎನ್ನಿಸಿಕೊಳ್ಳುವುದಕ್ಕಿಂತ ಅದೇ ವಾಸಿ ಎಂದು ಸುಮ್ಮನಿದ್ದಳು.

ಅಕ್ಕನ ಕಣ್ಣಿನ ಆಪರೇಷನ್ನಿಗೆಂದು ಎರಡು ದಿನ ರಜೆ ಹಾಕಿದ್ದಳು, ಅಷ್ಟೇ. ವಾಪಸ್ಸು ಬಂದು ಬ್ಯಾಗನ್ನು ಮೇಜಿನ ಮೇಲಿಟ್ಟಳೋ ಇಲ್ಲವೋ, ನಿರ್ದೇಶಕರು ಕರೆಸಿದರು. ಗೆದ್ದು ಬಂದವರ ಮುಖ ಮಾಡಿಕೊಂಡು ಕೂತಿದ್ದರು.

"ನೀವಿಲ್ಲದಾಗ ಒಂದು ದೊಡ್ಡ ತಲೆನೋವು ಬಗೆಹರಿಸಿಬಿಟ್ಟೆ" ಎಂದು ಒಂದು ಹಾಳೆಯನ್ನು ಮುಂದೆ ತಳ್ಳಿದರು.

ಸಲಹೆ ಪೆಟ್ಟಿಗೆಯಲ್ಲಿ ಸಿಕ್ಕ ಹಾಳೆ. ಸಹಿ ಇಲ್ಲ. 'ಬೆಳಗ್ಗೆ ಸ್ನಾನ ಮಾಡಿಸುವಾಗ ಪೈಲ್ವಾನ್ ವಯಸ್ಸಾದವರನ್ನು ಹಿಂಡುತ್ತಾನೆ. ಬೈಯುತ್ತಾನೆ. ನಂಬಿಕೆ ಬರದಿದ್ದರೆ ಆರನೇ ರೂಮಿನ ಅಜ್ಜಿಯ ತೋಳು ನೋಡಿ.'

ಪೈಲ್ವಾನ್ ಎಂದರೆ ಅಲ್ಲಿನ ಹಳೆಯ ಆರೈಕೆ ಸಹಾಯಕ. ಬಾಗಿಲಿಗೆ ಅಡ್ಡ ನಿಂತರೆ ಬೆಳಕೇ ಬರದಷ್ಟು ದೊಡ್ಡ ಆಳು, ಅದಕ್ಕೇ ಆ ಹೆಸರು. ಮೇಡಮ್ಮಿಗೂ ಅವನಿಗೂ ಎಂದೂ ಸರಿಬಂದದ್ದಿಲ್ಲ. ಬಾಯಿ ಒರಟು, ಬಾಗಿಲು ಹಾಕಿದರೆ ಕಿಟಕಿ ಅದುರಬೇಕು. ಓದುತ್ತಿದ್ದಂತೆ ಆಕೆಯ ಮನಸ್ಸಿನಲ್ಲೂ 'ಮಾಡಿದ್ದರೂ ಮಾಡಿದ್ದಾನು' ಎಂಬ ಮಾತು ಸುಳಿದು ಹೋಯಿತು.

"ಅಜ್ಜಿ ತೋಳು ನೋಡಿದ್ರಾ?"

"ನೋಡಿದೆ. ನೀಲಿಗಟ್ಟಿದೆ. ಬೆರಳಿನ ಗುರುತು ಹಾಗೇ ಎದ್ದು ಕಾಣುತ್ತೆ."

"ಡಾಕ್ಟರಿಗೆ ತೋರಿಸಿದ್ರಾ? ಬೇರೆಯವರ ಮೈ ನೋಡಿಸಿದ್ರಾ?"

"ಅದಕ್ಕೆಲ್ಲ ಎಲ್ಲಿ ಟೈಮು? ಮಧ್ಯಾಹ್ನವೇ ಊಟದ ಹಾಲ್‌ನಲ್ಲಿ ಎಲ್ಲರ ಸಭೆ ಕರೆದೆ. ಪತ್ರ ಓದಿದೆ. ಅವನು ಹೀಗೆ ಮಾಡೋದನ್ನ ಯಾರ್ಯಾರು ನೋಡಿದ್ದೀರಿ, ಕೈ ಎತ್ತಿ ಅಂದೆ."

"ಅವನೆಲ್ಲಿದ್ದ ಆಗ?"

"ಅಲ್ಲೇ. ಮುಂದಿನ ಸಾಲಿನಲ್ಲಿ."

ಮೇಡಮ್ಮಿನ ಕೋಪ ನೆತ್ತಿಗೇರಿತು. ಮೊದಲು ಯಾರೂ ಕೈ ಎತ್ತಲಿಲ್ಲವಂತೆ. ಆಮೇಲೆ ಒಂದು ಕೈ, ಅದರ ಪಕ್ಕ ಇನ್ನೊಂದು, ಕೊನೆಗೆ ಅರ್ಧ ಹಾಲ್. ಕೈ ಎತ್ತಿದವರಿಂದ ಹೇಳಿಕೆ ಬರೆಸಿಕೊಂಡಿದ್ದರು. 'ಪೈಲ್ವಾನ್ ಹಿಂಡುವುದನ್ನು ಕಣ್ಣಾರೆ ಕಂಡಿದ್ದೇನೆ' ಎಂದು ಎಲ್ಲರದ್ದೂ ಒಂದೇ ವಾಕ್ಯ, ಹಲಗೆಯ ಮೇಲೆ ಬರೆದದ್ದನ್ನು ಮಕ್ಕಳು ಇಳಿಸಿಕೊಂಡಂತೆ. 'ಮನೆಗೆ ಹೋಗು, ಹೇಳಿ ಕಳಿಸ್ತೀವಿ' ಎಂದು ಅವನನ್ನು ಅಟ್ಟಿದ್ದರು. ಅಜ್ಜಿಯ ಮಗನಿಗೆ ಫೋನು ಮಾಡಿ, ಅಪರಾಧಿ ಸಿಕ್ಕಿದ, ಓಡಿಸಿದ್ದೇವೆ ಎಂದು ಬೇರೆ ಹೇಳಿದ್ದರು. ಈಗ ಮೇಜಿನ ಮೇಲೆ ರಜೆ ಅರ್ಜಿಗಳನ್ನು ಹರವಿಕೊಂಡು, ಯಾರ ಅಕ್ಷರ ಪತ್ರದ ಅಕ್ಷರಕ್ಕೆ ಹೋಲುತ್ತದೆಂದು ನೋಡುತ್ತಿದ್ದರು.

"ಇದ್ಯಾಕೆ?"

"ಇವತ್ತು ಅವನ ಮೇಲೆ ಬರೆದವರು ನಾಳೆ ನನ್ನ ಮೇಲೆ ಬರೀತಾರೆ. ಯಾರು ಅಂತ ಗೊತ್ತಿರಬೇಕಲ್ಲ."

ಆಕೆ ಅರ್ಜಿಗಳನ್ನೆಲ್ಲ ಬಾಚಿ ಎತ್ತಿಕೊಂಡಳು. "ಯಾರು ಬರೆದರು ಅಂತ ಹುಡುಕಬೇಡಿ ಸಾರ್. ಹೆಸರು ಹಾಕೋಕೆ ಹೆದರಿದ್ದಾರೆ ಅಂದ್ರೆ ತಪ್ಪು ನಮ್ಮದು. ಏನು ಬರೆದಿದ್ದಾರೆ ಅದನ್ನ ಹುಡುಕಿ. ಸಹಿ ಇಲ್ಲ ಅಂತ ಈ ಪತ್ರ ಬಿಸಾಡೋ ಹಾಗಿಲ್ಲ, ಅದರಲ್ಲಿ ಜಾಗ ಇದೆ, ಹೊತ್ತಿದೆ, ನೋಡಬಹುದಾದ ಗಾಯ ಇದೆ. ಹಾಗಂತ ಅದನ್ನೇ ತೀರ್ಪು ಅಂತ ಓದಿಬಿಡೋದಾ? ಅವನನ್ನ ಒಂದು ಮಾತು ಕೇಳಿದ್ರಾ?"

"ಏನು ಕೇಳೋದು? ಹೌದು ಅಂತಾನಾ?"

"ಅದನ್ನ ಅವನ ಬಾಯಿಂದ ಕೇಳಬೇಕಿತ್ತು!" ಗಾಜಿನಾಚೆಯ ಗುಮಾಸ್ತೆ ತಲೆ ಎತ್ತಿ ನೋಡುವಷ್ಟು ದನಿ ಏರಿತ್ತು. "ಊಟದ ಹಾಲ್‌ನಲ್ಲಿ ಕೂರಿಸಿ ಕೈ ಎತ್ತಿಸಿದ್ರಲ್ಲ ಸಾರ್, ಇನ್ನು ಮೇಲೆ ನಿಜವಾಗಿ ನೋಡಿದವರ್ಯಾರು, ನಿಮ್ಮ ಮುಖ ನೋಡಿ ಕೈ ಎತ್ತಿದವರ್ಯಾರು ಅಂತ ಬೇರೆ ಮಾಡೋದು ಹೇಗೆ? ಅವನು ಮಾಡಿದ್ದೇ ನಿಜ ಆಗಿದ್ರೂ ಕೇಸು ಕೆಡಿಸಿದ್ದು ನೀವು."

ನಿರ್ದೇಶಕರು ಕನ್ನಡಕ ಒರೆಸಿಕೊಂಡರು. ಸಂಸ್ಥೆಯ ಮರ್ಯಾದೆ ಉಳಿಸಲು ಹೋದವನಿಗೇ ಈ ಮಾತೇ ಎಂಬಂತೆ ನೊಂದುಕೊಂಡರು. ಆಕೆಗೆ ಮೈಯೆಲ್ಲ ಉರಿಯಿತು. ಇವರ ಮರ್ಯಾದೆ ಗಾಜಿನ ಸಾಮಾನು, ಕೆಳಗಿನವನ ಮರ್ಯಾದೆ ಕಾಲೊರಸು!

ಆಕೆ ನೇರ ಟ್ರಸ್ಟಿನ ಹಿರಿಯ ಸದಸ್ಯೆಗೆ ಫೋನು ಮಾಡಿದಳು. ವಿಚಾರಣೆ ನಾನು ಮಾಡುತ್ತೇನೆ, ತೀರ್ಮಾನ ನೀವು ಮಾಡಿ, ಎರಡೂ ಒಬ್ಬರ ಕೈಯಲ್ಲಿರಬಾರದು, ನಿರ್ದೇಶಕರ ಕೈಯಲ್ಲಂತೂ ಬೇಡ ಎಂದಳು. ಆ ಹಿರಿಯರು ಒಪ್ಪಿದರು. ಅಂದೇ ಡಾಕ್ಟರು ಬಂದು ಎಲ್ಲರ ಮೈ ಪರೀಕ್ಷಿಸಿದರು, ಗುರುತುಗಳ ಫೋಟೊ ತೆಗೆಸಿದರು. ಮೇಲಿನ ಇಲಾಖೆಗೆ ತಿಳಿಸಬೇಕಾದದ್ದು ಹೋಯಿತು. ಪೈಲ್ವಾನನಿಗೆ ಬೇರೆ ಪತ್ರ ಹೋಯಿತು: ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರ ಇರಬೇಕು, ಸಂಬಳ ಪೂರ್ತಿ ಬರುತ್ತದೆ, ಇದು ಶಿಕ್ಷೆಯಲ್ಲ. ಅಲ್ಲಿದ್ದವರು ಕೈಲಾಗದ ಮುದುಕರು. ಅವನನ್ನು ಅವರ ಹತ್ತಿರ ಬಿಟ್ಟು ವಿಚಾರಣೆ ನಡೆಸುವಷ್ಟು ದಡ್ಡತನ ಆಕೆಗಿರಲಿಲ್ಲ.

ಆಮೇಲೆ ಒಬ್ಬೊಬ್ಬರನ್ನೇ ಕರೆದು ಕೂರಿಸಿಕೊಂಡಳು. ಪೈಲ್ವಾನನ ಹೆಸರೆತ್ತದೆ, ಬೆಳಗಿನ ಸ್ನಾನ ಹೇಗೆ ನಡೆಯುತ್ತದೆ ಹೇಳಿ ಎಂದಷ್ಟೇ ಕೇಳಿದಳು. ಬಟ್ಟೆ ಒಗೆಯುವ ಹೆಂಗಸು ಸ್ನಾನದ ಮನೆಯ ಕಡೆ ಕಾಲೇ ಇಟ್ಟಿರಲಿಲ್ಲ.

"ಮತ್ತೆ ಕೈ ಎತ್ತಿದ್ರಲ್ಲಮ್ಮ?"

"ಪಕ್ಕದವಳು ಎತ್ತಿದ್ಲು ಮೇಡಂ. ನಾನೊಬ್ಳೇ ಎತ್ತದೆ ಕೂತ್ರೆ ಅವನ ಕಡೆಯವಳು ಅಂದ್ಕೋತಾರೇನೋ ಅಂತ."

"ಪಕ್ಕದವರು ನೋಡಿದ್ರಾ?"

"ಅವಳನ್ನ ಕೇಳಿದ್ರೆ, ಸಾಹೇಬ್ರು ನನ್ನನ್ನೇ ನೋಡ್ತಿದ್ರು, ಏನು ಮಾಡ್ಲಿ ಅಂದ್ಲು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅರ್ಧ ಹಾಲ್‌ನ ಕೈಗಳು ಹೀಗೆ ಒಂದೊಂದಾಗಿ ಕೆಳಗಿಳಿದವು. ಹಿಂಡುವುದನ್ನು ಕಂಡವರು ಯಾರೂ ಉಳಿಯಲಿಲ್ಲ. ಬೈದದ್ದನ್ನು ಕೇಳಿದವರು ಇಬ್ಬರು ಸಿಕ್ಕರು, ಹೇಳಿದ್ದು ಇಬ್ಬರೂ ಒಂದೇ. ಆದರೆ ಗುರುತು ಸುಳ್ಳಲ್ಲ. ಆರನೇ ರೂಮಿನ ಅಜ್ಜಿಯದಲ್ಲದೆ ಇನ್ನೂ ಮೂವರ ತೋಳುಗಳಲ್ಲಿ ಗುರುತುಗಳಿದ್ದವು. ಡಾಕ್ಟರು ಪ್ರಾಮಾಣಿಕರು. "ಗಟ್ಟಿಯಾಗಿ ಹಿಡಿದ ಗುರುತು ಅಂತ ಹೇಳಬಲ್ಲೆ. ಇವರೆಲ್ಲ ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು, ಬೇಗ ನೀಲಿಗಟ್ಟುತ್ತೆ. ಹಿಡಿದವರ ಮನಸ್ಸಲ್ಲಿ ಸಿಟ್ಟಿತ್ತೋ ಇಲ್ಲವೋ ಅದನ್ನ ತೋಳು ಹೇಳಲ್ಲ" ಎಂದರು.

ಪೈಲ್ವಾನನಿಗೆ ಆಕೆ ಆರೋಪವನ್ನು ತನ್ನದೇ ಮಾತಿನಲ್ಲಿ ಬರೆದು ಕಳಿಸಿದಳು. ಬಂದ ಪತ್ರವನ್ನು ಕೊಟ್ಟಿದ್ದರೆ ಅಕ್ಷರದಿಂದ ಬರೆದವರು ಸಿಕ್ಕಿಬೀಳುತ್ತಿದ್ದರು. ಏನನ್ನೂ ಹೇಳದಿದ್ದರೆ ಅವನು ಯಾವುದಕ್ಕೆಂದು ಉತ್ತರ ಕೊಡಬೇಕು? ಎಲ್ಲಿ, ಯಾವ ಹೊತ್ತು, ಏನು ಮಾಡಿದ ಎನ್ನುತ್ತಾರೆ, ಯಾವ ಗುರುತು ಕಂಡಿದೆ, ಎಲ್ಲವೂ ಅದರಲ್ಲಿತ್ತು. ಯೋಚಿಸಿ ಉತ್ತರಿಸಲು ಒಂದು ವಾರ ಕೊಟ್ಟಿದ್ದಳು. ಜೊತೆಗೆ ಯಾರನ್ನಾದರೂ ಕರೆತನ್ನಿ ಎಂದಿದ್ದಳು.

ಅವನು ಹೆಂಡತಿಯನ್ನು ಕರೆತಂದ. ಆ ದೊಡ್ಡ ಆಳು ಕುರ್ಚಿಯಲ್ಲಿ ಮುದುಡಿ ಕೂತ. ಮಾತು ಹೆಂಡತಿಯದೇ.

"ಇವರನ್ನ ಯಾರೂ ಒಂದು ಮಾತೂ ಕೇಳಲಿಲ್ಲ ಮೇಡಂ. ಹಾಲ್ ತುಂಬ ಜನರ ಮುಂದೆ ಕೈ ಎತ್ತಿಸಿದ್ರಂತೆ. ಕಳ್ಳನನ್ನೂ ಯಾಕೆ ಕದ್ದೆ ಅಂತ ಕೇಳ್ತಾರೆ."

"ನೀವು ಹೇಳೋದು ಸರಿ ಅಮ್ಮ. ಈಗ ಅವರೇ ಹೇಳಲಿ."

ಅವನು ಹೇಳತೊಡಗಿದ. "ಮೊದಲು ಸ್ನಾನಕ್ಕೆ ಇಬ್ಬರಿದ್ವಿ. ವಯಸ್ಸಾದೋರ ಸೊಂಟಕ್ಕೆ ಬೆಲ್ಟ್ ಕಟ್ಟಿ, ಇಬ್ಬರೂ ಆ ಕಡೆ ಈ ಕಡೆ ಹಿಡಿದು ಎತ್ತೋದು. ಸಾಹೇಬ್ರು ಜೊತೆಯವನನ್ನ ಮುಂಬಾಗಿಲಿಗೆ ಹಾಕಿದ್ರು, ಬಂದವರನ್ನ ನಗ್ತಾ ಕೂರಿಸೋಕೆ. ಅಡ್ಜಸ್ಟ್ ಮಾಡ್ಕೋ ಅಂದ್ರು. ಒಬ್ಬನೇ ಎತ್ತಬೇಕಾದ್ರೆ ತೋಳೇ ಹಿಡೀಬೇಕು. ಬಿಟ್ರೆ ಜಾರಿ ಬೀಳ್ತಾರೆ."

"ಇದು ತಪ್ಪು ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು." ಅವನು ತಲೆ ಎತ್ತಲಿಲ್ಲ. "ಸಾಹೇಬ್ರಿಗೆ ಒಂದ್ಸಲ ಹೇಳ್ದೆ. ಮತ್ತೆ ಹೇಳೋಕೆ ಹೋಗ್ಲಿಲ್ಲ."

"ಬೈದದ್ದು?"

"ಹನ್ನೊಂದನೇ ರೂಮಿನ ಅಜ್ಜನಿಗೆ. ಕೂತ್ಕೊಳ್ಳೋ ಮುದಿಯಾ ಅಂದಿದ್ದೆ. ಅದು ನಿಜ."

ಇದನ್ನು ಬಚ್ಚಿಟ್ಟಿದ್ದರೆ ಆಕೆ ನಂಬುತ್ತಿರಲಿಲ್ಲವೇನೋ. ಆದರೂ ಅವನ ಮಾತನ್ನೇ ನಂಬಿ ಕೂರಲಿಲ್ಲ. ಮರುದಿನ ಬೆಳಿಗ್ಗೆ ಡಾಕ್ಟರನ್ನು ಕರೆದುಕೊಂಡು ಸ್ನಾನದ ಮನೆಗೆ ಹೋದಳು. ಪೈಲ್ವಾನನ ಜಾಗಕ್ಕೆ ಹಾಕಿದ್ದವಳು ಬಿದಿರುಕಡ್ಡಿಯಂಥ ಹುಡುಗಿ, ಯಾರಿಗೂ ಗಟ್ಟಿಯಾಗಿ ಮಾತಾಡದವಳು. ಅವಳೂ ಒಬ್ಬಳೇ ಎತ್ತುತ್ತಿದ್ದಳು, ಅವಳೂ ತೋಳನ್ನೇ ಹಿಡಿಯುತ್ತಿದ್ದಳು. ಅಜ್ಜಿಯ ತೋಳಿನಲ್ಲಿ ಹಳೆಯ ಗುರುತು ಹಳದಿಗೆ ತಿರುಗಿತ್ತು. ಅದರ ಪಕ್ಕದಲ್ಲೇ ಹೊಸದು, ನೀಲಿಯಾಗಿ, ಪೈಲ್ವಾನ ಮನೆಯಲ್ಲಿ ಕೂತಿದ್ದ ದಿನಗಳದ್ದು.

ಆಕೆ ಅಲ್ಲೇ ಒದ್ದೆ ನೆಲದ ಮೇಲೆ ನಿಂತು ಉಸಿರು ಬಿಟ್ಟಳು. ಪತ್ರ ಬರೆದವರು ಕಂಡದ್ದು ಸುಳ್ಳಲ್ಲ, ಕಾರಣ ಮಾತ್ರ ಬೇರೆ. ಅವನನ್ನು ಓಡಿಸಿ ಕೈತೊಳೆದುಕೊಂಡಿದ್ದರೆ ಈ ತೋಳುಗಳು ಹೀಗೇ ನೀಲಿಯಾಗುತ್ತಿರುತ್ತಿದ್ದವು, ತಪ್ಪಿತಸ್ಥ ಸಿಕ್ಕನೆಂದು ಎಲ್ಲರೂ ಹಾಯಾಗಿರುತ್ತಿದ್ದರು.

ಹಿರಿಯ ಸದಸ್ಯೆ ತೀರ್ಮಾನ ಕೊಟ್ಟರು. ಹಿಂಸೆಯ ಆರೋಪ ನಿಜವಲ್ಲ. ಬೈದದ್ದು ನಿಜ, ಅದಕ್ಕೆ ಲಿಖಿತ ಎಚ್ಚರಿಕೆ. ಸ್ನಾನಕ್ಕೆ ಇಂದಿನಿಂದಲೇ ಇಬ್ಬರು. ಒಬ್ಬರೇ ಎತ್ತುವಂತೆ ಮಾಡಿದ್ದಕ್ಕೆ ನಿರ್ದೇಶಕರು ಟ್ರಸ್ಟಿಗೆ ಉತ್ತರ ಕೊಡಬೇಕು.

"ಸರಿ, ನಾಳೆಯಿಂದ ಬಾ ಅಂತ ಅವನಿಗೆ ಫೋನ್ ಮಾಡಿ" ಎಂದರು ನಿರ್ದೇಶಕರು.

"ಫೋನಲ್ಲಾ? ಕೈ ಎತ್ತಿಸಿದ್ದು ಹಾಲ್‌ನಲ್ಲಿ."

ಅದೇ ಹಾಲ್‌ನಲ್ಲಿ, ಅದೇ ಜನರ ಮುಂದೆ ನಿರ್ದೇಶಕರು ಎದ್ದು ನಿಂತರು. ಸಾಕ್ಷಿ ಸಾಲದ ಕಾರಣ, ಸಂಶಯದ ಲಾಭ ಕೊಟ್ಟು ಎಂದೆಲ್ಲ ಶುರು ಮಾಡಿದರು. ಮೇಡಂ ಕೂತಲ್ಲಿಂದ ಎದ್ದಳು.

"ಸಂಶಯ ಏನೂ ಇಲ್ಲ ಸಾರ್. ಅವರು ಹಿಂಡಿಲ್ಲ. ಒಬ್ಬರ ಕೈಲಿ ಇಬ್ಬರ ಕೆಲಸ ಮಾಡಿಸಿದ್ದಕ್ಕೆ ಆದ ಗುರುತು. ಪತ್ರ ಬರೆದವರು ಒಳ್ಳೇದೇ ಮಾಡಿದ್ದಾರೆ, ಅವರನ್ನ ಯಾರೂ ಹುಡುಕೋ ಹಾಗಿಲ್ಲ. ಇಷ್ಟು ಹೇಳಿ, ಸಾಕು."

 ನಿರ್ದೇಶಕರು ಅಷ್ಟನ್ನು ಹೇಳಿದರು. ಹೊರಗೆ ಬಂದಾಗ ಪೈಲ್ವಾನ ಆಕೆಯ ಹಿಂದೆಯೇ ಬಂದ.

"ಬರೆದೋರು ಯಾರು ಅಂತ ಹೇಳಿ ಮೇಡಂ. ಏನೂ ಮಾಡಲ್ಲ, ಗೊತ್ತಾದ್ರೆ ಸಾಕು."

"ನನಗೆ ಗೊತ್ತಿಲ್ಲ. ಗೊತ್ತಿದ್ರೂ ಹೇಳ್ತಿರಲಿಲ್ಲ. ನಿಮ್ಮನ್ನ ಕೇಳದೆ ಓಡಿಸಿದ್ದು ಎಷ್ಟು ತಪ್ಪೋ ಅವರನ್ನ ಹಿಡಿದು ಕೊಡೋದೂ ಅಷ್ಟೇ ತಪ್ಪು."

ಅವನಿಗೆ ಸಮಾಧಾನವಾಗಲಿಲ್ಲ. ಆದರೂ ತಲೆಯಾಡಿಸಿ ಕೆಲಸಕ್ಕೆ ಹೊರಟ. ಬೆಲ್ಟ್ ಹೆಗಲಿಗೆ ಹಾಕಿಕೊಂಡು, ಹುಡುಗಿಯನ್ನು ಜೊತೆಗೆ ಕರೆದುಕೊಂಡು ಆರನೇ ರೂಮಿನ ಬಾಗಿಲು ತೆರೆದ, ಈ ಸಲ ಮೆಲ್ಲಗೆ. ಮೇಡಂ ಹಿಂದೆಯೇ ಇದ್ದಳು, ನಿರ್ದೇಶಕರನ್ನೂ ಎಳೆದು ತಂದಿದ್ದಳು.

ಅಜ್ಜಿ ಅವನನ್ನು ನೋಡಿದಳು. ಬೆಳಗಿನ ತಿಂಡಿಯನ್ನೇ ಮರೆಯುವ ಅಜ್ಜಿ. ಅಮ್ಮಾ, ನಿನ್ನ ಹಿಂಡುತ್ತಿದ್ದವನನ್ನು ಓಡಿಸಿದ್ದಾರೆ, ಹೆದರಬೇಡ ಎಂದು ಮಗ ದಿನಾ ಬಂದು ಹೇಳಿ ಹೋಗುತ್ತಿದ್ದನಂತೆ. ಮಗನಿಗೆ ಮೇಡಂ ನಿಜ ತಿಳಿಸಿ ಎರಡು ದಿನವಾಗಿತ್ತು. ಅವನು ತಲೆ ತಗ್ಗಿಸಿದ್ದ, ಅಮ್ಮನಿಗೂ ಹೇಳಿದ್ದ. ಅದು ಅಜ್ಜಿಯ ತಲೆಗೆ ಇಳಿದಿರಲಿಲ್ಲ. ಎರಡೂ ತೋಳುಗಳನ್ನು ಹೊದಿಕೆಯೊಳಗೆ ಎಳೆದುಕೊಂಡು ಗೋಡೆಗೆ ಒತ್ತಿಕೊಂಡಳು.

"ಬೇಡಪ್ಪ, ಬೇಡ. ನನ್ನನ್ನ ಮುಟ್ಟಬೇಡ."

ಪೈಲ್ವಾನ ಅಲ್ಲೇ ನಿಂತ. ಬೆಲ್ಟನ್ನು ಹುಡುಗಿಯ ಕೈಗೆ ಕೊಟ್ಟು, ಯಾರ ಮುಖವನ್ನೂ ನೋಡದೆ ಹೊರಗೆ ಹೋದ. ಮೇಡಮ್ಮಿಗೆ ಕಣ್ಣು ಉರಿಯಿತು, ಅಳುವಿನಿಂದಲ್ಲ.

"ಹೋಗಿ ಸಾರ್" ಎಂದಳು ನಿರ್ದೇಶಕರಿಗೆ. "ಅವನು ಹಾಗೆ ಮಾಡಿಲ್ಲ ಅಂತ ಅಜ್ಜಿ ಪಕ್ಕ ಕೂತು ಹೇಳಿ. ನಾಳೆ ಮರೀತಾಳೆ, ನಾಳೆ ಮತ್ತೆ ಬಂದು ಹೇಳಿ. ಅವಳು ಅವನ ಕೈ ಹಿಡಿಯೋವರೆಗೂ ದಿನಾ ಬಂದು ಹೇಳಿ."

ನಿರ್ದೇಶಕರು ಬಾಗಿಲಲ್ಲೇ ನಿಂತಿದ್ದರು. ಆಕೆ ಕುರ್ಚಿಯನ್ನು ಎಳೆದು ಅಜ್ಜಿಯ ಮಂಚದ ಪಕ್ಕಕ್ಕೆ ಹಾಕಿದಳು.