ಚಹಾದ ಜೊತೆ ಕೊಟ್ಟ ಗುಳಿಗೆ

ನಡುರಾತ್ರಿ ಉಗ್ರಾಣದ ಕಡೆಯಿಂದ ಕಟುಂ ಕಟುಂ ಎಂದು ಸಣ್ಣ ಸದ್ದು ಬಂತು. ಇಲಿ ಇರಬೇಕೆಂದು ಸುನಿತಾ ಮಗ್ಗುಲು ಬದಲಿಸಿದಳು. ಆದರೆ ಇಲಿಯ ಸದ್ದು ಹೀಗೆ ತಡೆತಡೆದು ಬರುವುದಿಲ್ಲ. ಹೊಸಪೇಟೆಯ ಆ ಹೆಣ್ಣುಮಕ್ಕಳ ಹಾಸ್ಟೆಲಿಗೆ ಅವಳು ವಾರ್ಡನ್ ಆಗಿ ಆರು ವರ್ಷ. ಅಲ್ಲಿನ ಬಾಗಿಲು, ನಲ್ಲಿ, ಕೆಮ್ಮು ಎಲ್ಲದರ ಸದ್ದೂ ಅವಳಿಗೆ ಗೊತ್ತಿತ್ತು. ಎದ್ದು ಹೋಗಿ ದೀಪ ಹಾಕಿದಳು.

ಕಂಪ್ಲಿಯಿಂದ ಬಂದ ಅಕ್ಕಿಚೀಲದ ಪಕ್ಕ ಭಾಗ್ಯ ಕುಕ್ಕುರುಗಾಲಲ್ಲಿ ಕೂತಿದ್ದಳು. ಬಾಯಿ ತುಂಬ ಹಸಿ ಅಕ್ಕಿ.

"ಏನಲೇ ಇದು? ರಾತ್ರಿ ಊಟ ಮಾಡಿಲ್ಲೇನು?"

"ಮಾಡೀನ್ರಿ ಮೇಡಂ." ಹುಡುಗಿ ತಲೆ ತಗ್ಗಿಸಿ ನುಂಗಿದಳು. "ಯಾಕೋ ಗೊತ್ತಿಲ್ರಿ, ಅಕ್ಕಿ ಕಂಡ್ರ ಬಾಯಾಗ ನೀರು ಬರ್ತೈತಿ. ಚಟ ಆಗೈತಿ."

"ಮದುವ್ಯಾಗ ಮಳೆ ಬರ್ತೈತಿ ನೋಡು ನಿನಗ," ಎಂದು ಗದರಿ ಸುನಿತಾ ಅವಳನ್ನು ಮಲಗಲು ಕಳಿಸಿದಳು. ಉಗ್ರಾಣಕ್ಕೆ ಬೀಗ ಹಾಕಿದಳು. ಅಷ್ಟಕ್ಕೆ ಮುಗಿಯಿತೆಂದುಕೊಂಡಳು.

ಭಾಗ್ಯ ಚೋರನೂರಿನವಳು, ಹತ್ತೊಂಬತ್ತು ವರ್ಷ. ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕೆಂದು ದಿನಾ ಬೆಳಗಿನ ಐದಕ್ಕೆ ಮೈದಾನಕ್ಕೆ ಹೋಗುವ ಏಳು ಹುಡುಗಿಯರಲ್ಲಿ ಒಬ್ಬಳು. ಲಿಖಿತ ಪರೀಕ್ಷೆ ದಾಟಿದ್ದಳು. ಉಳಿದದ್ದು ಬಳ್ಳಾರಿಯಲ್ಲಿ ನಡೆಯುವ ದೈಹಿಕ ಪರೀಕ್ಷೆ, ಅದರಲ್ಲಿ ಮುಖ್ಯವಾಗಿ ನಾನೂರು ಮೀಟರ್ ಓಟ. ಎರಡು ನಿಮಿಷದೊಳಗೆ ಮುಗಿಸಬೇಕು. ದಸರೆಯ ಹೊತ್ತಿಗೆ ಒಂದು ನಿಮಿಷ ಇಪ್ಪತ್ತೈದು ಸೆಕೆಂಡಿಗೆ ಮುಗಿಸುತ್ತಿದ್ದವಳು ಸಂಕ್ರಾಂತಿ ಕಳೆಯುವಷ್ಟರಲ್ಲಿ ಒಂದು ಐವತ್ತಕ್ಕೆ ಬಂದು ನಿಂತಿದ್ದಳು. ಮೆಟ್ಟಿಲು ಹತ್ತಿದರೂ ಏದುಸಿರು. ಮಧ್ಯಾಹ್ನ ಪುಸ್ತಕದ ಮೇಲೆಯೇ ನಿದ್ದೆ.

ತರಬೇತುದಾರ ಹುಲಿಗೇಶ್ ಸರಳ ಮನುಷ್ಯ. "ಓಟ ಜಾಸ್ತಿ ಆಗೈತ್ರಿ ಮೇಡಂ. ಈ ಹುಡುಗಿ ನಾ ಹೇಳಿದ್ದರ ಮ್ಯಾಲೆ ಸಂಜಿಗೂ ನಾಕು ಸುತ್ತು ಹೊಡೀತಾಳ. ಹತ್ತು ದಿನ ಬಿಡಿಸ್ರಿ, ಸರಿ ಹೋಗ್ತಾಳ," ಎಂದ.

ಸುನಿತಾಗೆ ಬೇರೆಯೇ ಅನುಮಾನ. ನಾಲ್ಕು ವರ್ಷದಿಂದ ಅವಳೇ ಥೈರಾಯ್ಡ್ ಮಾತ್ರೆ ನುಂಗುವವಳು. ಆಯಾಸ ಎಂದರೆ ಏನೆಂದು ತನಗಿಂತ ಯಾರಿಗೆ ಗೊತ್ತು? ಹುಡುಗಿಯ ಕೂದಲು ಉದುರುತ್ತಿದೆಯೇ, ಕತ್ತು ಊದಿದೆಯೇ, ಚಳಿ ಚಳಿ ಎನ್ನುತ್ತಾಳೆಯೇ ಎಂದು ಕದ್ದು ಕದ್ದು ನೋಡಿದಳು. ಕೂದಲು ಉದುರುತ್ತಿತ್ತು. ಅಷ್ಟು ಸಾಕಾಯಿತು ಅವಳಿಗೆ.

ಹತ್ತು ದಿನ ಓಟ ನಿಂತಿತು. ಭಾಗ್ಯ ಮಲಗಿದಳು, ಎದ್ದಳು, ಮತ್ತೆ ಮಲಗಿದಳು. ಹನ್ನೊಂದನೆಯ ದಿನ ಓಡಿಸಿದರೆ ಒಂದು ಐವತ್ತೆರಡು. ಹುಲಿಗೇಶ್ ಗಡಿಯಾರ ನೋಡಿದ, ಅವಳ ಮುಖ ನೋಡಿದ. "ಇದು ನನ್ನ ಕೈಯಾಗಿಂದಲ್ರಿ. ದವಾಖಾನಿಗೆ ಕರ್ಕೊಂಡು ಹೋಗ್ರಿ."

ದವಾಖಾನೆಯಲ್ಲಿ ಡಾಕ್ಟರ್ ತ್ರಿವೇಣಿ ಮೊದಲು ಕೇಳಿದ್ದು ಓಟದ ವಿಷಯವನ್ನಲ್ಲ. ಬೆಳಗ್ಗೆ ಏನು ತಿನ್ನುತ್ತೀ ಎಂದು ಕೇಳಿದರು. ಮೈದಾನದಿಂದ ಬರುವಷ್ಟರಲ್ಲಿ ನಾಷ್ಟಾ ಖಾಲಿಯಾಗಿರುತ್ತದೆ, ಚಹಾ-ಬನ್ನು ಎಂದಳು ಭಾಗ್ಯ. ಮುಟ್ಟು ಎಷ್ಟು ದಿನ ಎಂದರು. ಹುಡುಗಿ ಸುನಿತಾಳ ಕಡೆ ನೋಡಿ ಮೆಲ್ಲಗೆ ಎಂಟು ದಿನ ಎಂದಳು. ರಾತ್ರಿ ಎರಡು ಸಲ ಎದ್ದು ಬಟ್ಟೆ ಬದಲಿಸಬೇಕಂತೆ. ಒಂದು ವರ್ಷದಿಂದ ಹೀಗೇ ಇತ್ತಂತೆ. ಒಂದೇ ಸೂರಿನಡಿ ಇದ್ದ ಸುನಿತಾಗೆ ಅದು ಗೊತ್ತಿರಲಿಲ್ಲ.

"ಮಣ್ಣು, ಬಳಪ, ಅಕ್ಕಿ, ಇಂಥದ್ದೇನಾದ್ರೂ ತಿನ್ನಬೇಕು ಅನಿಸ್ತದೇನಮ್ಮ?"

ಭಾಗ್ಯ ಬೆಚ್ಚಿದಳು. ಸುನಿತಾ ಅವಳಿಗಿಂತ ಹೆಚ್ಚು ಬೆಚ್ಚಿದಳು.

ಡಾಕ್ಟರು ಹುಡುಗಿಯ ಕೆಳರೆಪ್ಪೆಯನ್ನು ಎಳೆದು ತೋರಿಸಿದರು. ಒಳಗೆ ಕೆಂಪೇ ಇರಲಿಲ್ಲ. "ಆದರೂ ಕಣ್ಣು ನೋಡಿ ತೀರ್ಮಾನ ಮಾಡೋದು ಬ್ಯಾಡ. ರಕ್ತ ಪರೀಕ್ಷೆ ಮಾಡಿಸ್ರಿ. ಥೈರಾಯ್ಡೂ ನೋಡೋಣ, ನೀವು ಹೇಳಿದ ಅನುಮಾನ ಯಾಕೆ ಉಳೀಬೇಕು."

ಮರುದಿನ ವರದಿ ಬಂತು. ಥೈರಾಯ್ಡ್ ಸರಿಯಾಗಿತ್ತು. ಹಿಮೋಗ್ಲೋಬಿನ್ ಹನ್ನೆರಡು ಇರಬೇಕಾದದ್ದು ಏಳು ಪಾಯಿಂಟ್ ನಾಲ್ಕು. ಕೆಂಪು ಕಣಗಳು ಸಣ್ಣವು. ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಂಶ ಹೆಚ್ಚುಕಡಿಮೆ ಬತ್ತಿಹೋಗಿತ್ತು. ಹಸಿ ಅಕ್ಕಿಯ ಚಟವೂ ಅದರದೇ ಲಕ್ಷಣವಂತೆ.

"ಹಾಸ್ಟೆಲಿನಲ್ಲಿ ಕಬ್ಬಿಣದ ಗುಳಿಗೆ ಕೊಡ್ತೀರಲ್ಲ?" ಎಂದರು ತ್ರಿವೇಣಿ.

"ತಪ್ಪದೇ ಕೊಡ್ತೀನ್ರಿ. ನನ್ನ ಕಣ್ಣೆದುರಿಗೇ ನುಂಗಿಸ್ತೀನಿ."

"ಯಾವಾಗ?"

"ಸಂಜೆ, ಚಹಾದ ಜೊತಿಗೆ. ನೀರಿನಾಗ ವಾಂತಿ ಬರ್ತೈತಿ ಅಂತಾರ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ದನಿ ಏರಿಸಲಿಲ್ಲ. ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ, ಗುಳಿಗೆಗೂ ಚಹಾಕ್ಕೂ ಒಂದೆರಡು ಗಂಟೆಯಾದರೂ ಅಂತರ ಬೇಕು, ನಿಂಬೆ ನೀರಿನ ಜೊತೆ ಕೊಡಿ ಎಂದರು. "ಇದೊಂದೇ ಕಾರಣ ಅಂತ ಎದಿಗೆ ಹಚ್ಚಿಕೋಬ್ಯಾಡ್ರಿ. ಹೋಗೋ ರಕ್ತ ಭಾಳ, ತಿನ್ನೋದು ಕಡಿಮೆ. ಓಟ ಇದನ್ನ ತಂದಿಲ್ಲ, ತೋರಿಸಿಕೊಟ್ಟೈತಿ ಅಷ್ಟ." ಮುಟ್ಟಿನ ಬಗ್ಗೆ ಸ್ಕ್ಯಾನ್ ಬರೆದರು. ಜಂತುಹುಳದ ಗುಳಿಗೆ ಬರೆದರು. ರಕ್ತ ಏರಲು ಎರಡು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಓಡಬಾರದು ಎಂದರು.

ಭಾಗ್ಯಳ ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು.

ಸುನಿತಾ ಅವಳ ಅಪ್ಪ ಉಚ್ಚೆಂಗಪ್ಪನಿಗೆ ಫೋನ್ ಮಾಡಿದಳು. ಒಂದೊಂದನ್ನೂ ಬಿಡಿಸಿ ಹೇಳಿದಳು. ಚಹಾದ ಮಾತೊಂದನ್ನು ಮಾತ್ರ ಬಿಟ್ಟಳು.

"ಓಡಿಸಿ ಓಡಿಸಿ ಮಗಳ ರಕ್ತ ಬತ್ತಿಸೀರಿ," ಎಂದ ಅವನು.

"ಓಟದಿಂದ ಅಲ್ರೀ ಯಜಮಾನ್ರ, ಡಾಕ್ಟರೇ ಹೇಳ್ಯಾರ..."

"ಡಾಕ್ಟರಿಗೇನು, ಹೇಳ್ತಾರ. ಆಕಿ ಎಲ್ಲಿಯಾದ್ರೂ ಓಡಾಕ ಹೋಗಿ ಬಿದ್ದಳು ಅಂತ ನನ್ನ ಕಿವಿಗೆ ಬೀಳಬೇಕು, ಮರುದಿನ ಬಂದು ಕರ್ಕೊಂಡು ಹೊಕ್ಕೀನಿ. ಸಂಡೂರಾಗ ಒಂದು ಸಂಬಂಧ ಕಾದು ಕುಂತೈತಿ."

ಫೋನಿನ ದನಿ ಜೋರಾಗಿತ್ತು. ಪಕ್ಕದಲ್ಲಿದ್ದ ಭಾಗ್ಯಳಿಗೆ ಎಲ್ಲವೂ ಕೇಳಿಸಿತು.

"ಮುಂದಿನ ಸಲ ಮತ್ತ ಬರೀತೀಯಂತ ಬಿಡವ್ವ," ಎಂದಳು ಸುನಿತಾ.

"ಮುಂದಿನ ಸಲ ಅಂದ್ರ ಯಾವಾಗ್ರಿ ಮೇಡಂ? ಅಲ್ಲೀತನಕ ಅಪ್ಪ ನನ್ನ ಇಲ್ಲಿ ಬಿಡ್ತಾನೇನ್ರಿ?"

ಅಂದಿನಿಂದ ಸುನಿತಾ ಅವಳ ಪಾಲಿನ ನಾಷ್ಟಾ ಎತ್ತಿಡಿಸಿದಳು. ಮೊಟ್ಟೆ, ಹೆಸರುಕಾಳು, ನುಗ್ಗೆಸೊಪ್ಪು ಬಡಿಸಿ ಎದುರು ಕೂತು ತಿನ್ನಿಸಿದಳು. ಗುಳಿಗೆಯ ಹೊತ್ತು ಬದಲಾಯಿತು. ಯಾಕೆಂದು ಹುಡುಗಿಯರು ಕೇಳಿದರೆ "ಡಾಕ್ಟರು ಹೇಳ್ಯಾರ" ಎಂದಷ್ಟೇ ಹೇಳಿದಳು.

ಒಂಬತ್ತನೆಯ ದಿನ ಬೆಳಗ್ಗೆ ಭಾಗ್ಯಳ ಹಾಸಿಗೆ ಖಾಲಿ ಇತ್ತು. ಫೋನ್ ಸ್ವಿಚ್ ಆಫ್. ಉಳಿದ ಹುಡುಗಿಯರ ಓಟದ ಪರೀಕ್ಷೆ ಹಿಂದಿನ ದಿನವೇ ಮುಗಿದಿತ್ತು. ಹಾಗಾಗಿ ಹುಲಿಗೇಶನೂ ಬಳ್ಳಾರಿಯಲ್ಲಿರಲಿಲ್ಲ. ಊರಿಗೆ ಹೋಗಿರಬೇಕೆಂದು ಉಳಿದವರು ಅಂದುಕೊಂಡರು. ಸುನಿತಾ ಹಾಗೆ ಅಂದುಕೊಳ್ಳಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ಬಳ್ಳಾರಿಯ ಕಡೆಯಿಂದ ಬಂದ ಒಂದೊಂದೇ ಬಸ್ಸನ್ನು ನೋಡುತ್ತ ನಿಂತಳು.

ಸಂಜೆ ನಾಲ್ಕಕ್ಕೆ ಭಾಗ್ಯ ಇಳಿದಳು. ಎರಡೂ ಮೊಣಕಾಲಿಗೆ ಪಟ್ಟಿ, ಅಂಗೈ ತರಚಿತ್ತು.

"ಮೂರನೇ ತಿರುವಿನಾಗ ಕಣ್ಣು ಕತ್ತಲಾತ್ರಿ," ಎಂದಳು. "ಎದ್ದು ಓಡಿದ್ನಿ. ಮತ್ತ ಬಿದ್ನಿ. ಎರಡು ನಿಮಿಷ ಹತ್ತು ಸೆಕೆಂಡ್ರಿ. ಹತ್ತ ಸೆಕೆಂಡ್."

ಅಳಲಿಲ್ಲ. ಅತ್ತಿದ್ದರೆ ಸುನಿತಾಗೆ ಬೈಯಲು ಸುಲಭವಾಗುತ್ತಿತ್ತು. ಆಟೋ ಹಿಡಿದು ನೇರ ತ್ರಿವೇಣಿಯವರಲ್ಲಿಗೆ ಹೋದರು. ಇಸಿಜಿ ಆಯಿತು, ಪೆಟ್ಟು ನೋಡಿದ್ದಾಯಿತು, ಇನ್ನು ಗುಳಿಗೆ ಸಾಲದೆಂದು ಕಬ್ಬಿಣವನ್ನು ನರಕ್ಕೇ ಏರಿಸಲು ದಿನ ಗೊತ್ತಾಯಿತು. "ಮನೆಯವರಿಗೆ ಹೇಳೋದು ಬಿಡೋದು ಆಕಿಗೆ ಬಿಟ್ಟಿದ್ದು, ವಯಸ್ಸಿಗೆ ಬಂದಾಕಿ," ಎಂದರು ಡಾಕ್ಟರು.

ಹೊರಗೆ ಬೆಂಚಿನ ಮೇಲೆ ಭಾಗ್ಯ ಸುನಿತಾಳ ಸೆರಗಿನ ತುದಿ ಹಿಡಿದುಕೊಂಡಳು. "ಅಪ್ಪಗ ಹೇಳಬ್ಯಾಡ್ರಿ ಮೇಡಂ. ಓಟದಿಂದ ಆತು ಅಂತಾನ."

ಹೇಳಿದರೆ ಅವನೊಬ್ಬನೇ ಅಲ್ಲ, ಉಳಿದ ಆರು ಮನೆಯವರೂ ಹಾಗೇ ಅನ್ನುತ್ತಾರೆ. ಹೇಳದಿದ್ದರೆ ಈ ಹುಡುಗಿ ಇಷ್ಟು ದೊಡ್ಡ ಸೋಲನ್ನು ಒಬ್ಬಳೇ ನುಂಗಬೇಕು. ನಾಳೆ ಊರಿನವರು, ಹೋಗಲೇ ಇಲ್ಲವಂತೆ, ಹೆದರಿದಳಂತೆ ಎಂದು ನಗುವುದನ್ನೂ ಕೇಳಿಸಿಕೊಳ್ಳಬೇಕು. ಅಷ್ಟರಲ್ಲಿ ಸುನಿತಾಗೆ ಫೋನ್ ಬಂತು. ಉಚ್ಚೆಂಗಪ್ಪ.

"ಹೆಂಗದಾಳ್ರಿ ನಮ್ಮ ಹುಡುಗಿ?"

"ಆರಾಮದಾಳ್ರಿ. ಗುಳಿಗಿ ತಗೊಳ್ಳಾಕತ್ಯಾಳ. ನನ್ನ ಬಾಜೂನ ಕುಂತಾಳ."

"ಓಡಾಕೇನು ಹೋಗಿಲ್ಲಲ್ಲ?"

ಭಾಗ್ಯಳ ಬೆರಳು ಸೆರಗಿನ ಮೇಲೆ ಬಿಗಿಯಾಯಿತು.

"ಇಲ್ರಿ," ಎಂದಳು ಸುನಿತಾ. ಆರು ವರ್ಷದಲ್ಲಿ ಒಬ್ಬ ತಂದೆಗೆ ಅವಳು ಹೇಳಿದ ಮೊದಲ ಸುಳ್ಳು ಅದು. ಓಡಲು ಹೋಗಿಲ್ಲ ಎಂದು ಹುಲಿಗೇಶನಿಗೂ ಇಷ್ಟೇ, ಹುಡುಗಿಯರಿಗೂ ಇಷ್ಟೇ, ಯಾರಿಗೂ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ ಎಂದು ಆಗಲೇ ನಿಶ್ಚಯಿಸಿಕೊಂಡಳು.