ಮದುಮಗಳ ಬಾವಲಿ ರೆಕ್ಕೆ

ಲೊರೆಟಾಳ ರೆಪ್ಪೆಯ ಮೇಲೆ ಚರ್ಮ ಜೋತುಬಿದ್ದು, ಐಲೈನರ್ ಎಳೆದರೂ ಕಣ್ಣು ತೆರೆದೊಡನೆ ಮಡಿಕೆಯೊಳಗೆ ಮಾಯವಾಗುತ್ತಿತ್ತು. ಎಪ್ಪತ್ತರ ಈ ಮದುಮಗಳನ್ನು ವಿನ್ನಿಪೆಗ್‌ನ ಪಾರ್ಲರಿನ ಡಾರ್ಲೀನ್ ಕನ್ನಡಿಯೆದುರು ಕೂರಿಸಿ, "ನೇರ ನೋಡಿ, ಕಣ್ಣು ಮುಚ್ಬೇಡಿ," ಎಂದು ಗೆರೆಯ ಬಾಲವನ್ನು ಮಡಿಕೆಯ ಮೇಲೆಯೇ ಹಾಯಿಸಿದಳು. ಕಣ್ಣು ತೆರೆದರೆ ನೇರ ಗೆರೆ, ಮುಚ್ಚಿದರೆ ಬಾವಲಿ ರೆಕ್ಕೆಯಂತೆ ಸೊಟ್ಟ.

"ಮುಚ್ಚಿದಾಗ ಯಾರು ನೋಡ್ತಾರೆ ಬಿಡಿ," ಎಂದಳು ಡಾರ್ಲೀನ್.

ಚರ್ಚಿನಲ್ಲಿ ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದರು. ಮದುಮಗ ವರ್ನನ್ ಕಂಡವರ ಮನೆಯ ಗೋಡೆಯ ಪಟವನ್ನೂ ನೆಟ್ಟಗೆ ಮಾಡುವ ಆಸಾಮಿ. ಹೆಬ್ಬೆರಳಿಗೆ ಎಂಜಲು ಹಚ್ಚಿ ಲೊರೆಟಾಳ ಒಂದು ಕಣ್ಣಿನ ಗೆರೆಯ ಬಾಲವನ್ನು ಒರೆಸಿಯೇಬಿಟ್ಟ. ಆಮೆನ್ ಹೊತ್ತಿಗೆ ಲೊರೆಟಾಳ ಒಂದು ಕಣ್ಣು ಅರಳಿತ್ತು, ಇನ್ನೊಂದು ತೂಕಡಿಸುತ್ತಿತ್ತು.

"ಸೊಟ್ಟಗಿತ್ತು ಕಣೆ, ಸರಿ ಮಾಡ್ದೆ."

"ಪ್ರಾರ್ಥನೆ ಹೊತ್ನಲ್ಲಿ ನಿನ್ ಕಣ್ಣು ಯಾಕೆ ತೆರೆದಿತ್ತು?"

"ಪಾದ್ರಿಗಳೇ ಸನ್ನೆ ಮಾಡಿ ತೋರ್ಸಿದ್ರು."