ಬಲೂನಿನ ಬಾಲ ಯಾರ ಕಡೆಗೆ

ಫೋನಿನಲ್ಲಿ ಕತೆ ಮುಗಿಯಿತು. ಕಣ್ಣು ಹೋದ ಮೇಲೆ ಸೋನಾಬಾಯಿ ಯಾರ ಮಾತನ್ನೇ ಕೇಳಲಿ, ಮುಖ ಅತ್ತ ತಿರುಗಿಸಿ ಕಿವಿಗೊಡುತ್ತಿದ್ದಳು. ಈಗ ಫೋನಿನ ಕಡೆಯಿಂದ ಮುಖ ತಿರುಗಿಸಿ ಮೊಮ್ಮಗಳು ಕೂತ ಕಡೆ ಹಿಡಿದಳು.

"ಇದನ್ನ ನೀನs ಬರದಿಯೇನು?" ಎಂದು ಕೇಳಿದಳು.

ಬಬಲೇಶ್ವರದ ಶಾಲೆಯೊಂದರಲ್ಲಿ ಚಿತ್ರ ಕಲಿಸುವ ಮೊಮ್ಮಗಳು ಆಮ್ರಪಾಲಿ, ಅಜ್ಜಿಯ ಬದುಕಿನ ಒಂದು ದಿನವನ್ನು ಪುಟಪುಟವಾಗಿ ಚಿತ್ರಕತೆ ಮಾಡಿ ಪುಸ್ತಕ ತಂದಿದ್ದಳು. ಓದಿದವರೆಲ್ಲ ಹೊಗಳಿದ್ದರು. ಯಾರ ಕತೆಯೋ ಆಕೆಗೆ ಮಾತ್ರ ಅದನ್ನು ನೋಡುವ ಭಾಗ್ಯ ಇರಲಿಲ್ಲ. ಅದಕ್ಕೇ, ಕಣ್ಣು ಕಾಣದ ಮಕ್ಕಳಿಗೆ ಕತೆ ಕೇಳಿಸುವ ಸಂಸ್ಥೆಯೊಂದು ಪುಸ್ತಕದ ಮಾತುಗಳನ್ನು ಬರೆದಿಟ್ಟು ಧ್ವನಿಮುದ್ರಣ ಮಾಡುತ್ತೇವೆ ಎಂದಾಗ ಅವಳು ಹಿಂದುಮುಂದು ನೋಡದೆ ಒಪ್ಪಿಕೊಂಡಿದ್ದಳು. ಮಕ್ಕಳಿಗೆ ಕಳಿಸುವ ಮೊದಲು ಒಮ್ಮೆ ಕೇಳಿ ನೋಡಿ ಎಂದು ಅವರು ಕಳಿಸಿದ್ದನ್ನೇ ಇವತ್ತು, ತಾನು ಆಯಿ ಎಂದು ಕರೆಯುವ ಅಜ್ಜಿಗೆ ಹಾಕಿ ಕೇಳಿಸಿದ್ದು.

ಕತೆ ದೊಡ್ಡದೇನಲ್ಲ. ಟಿಕೋಟಾ ಕಡೆಯ ಒಂದು ಹಳ್ಳಿಯಲ್ಲಿ ಹೊಸ ಸೊಸೆ ಸೋನಾಬಾಯಿ ಊರ ಕೆರೆಗೆ ಇಳಿದು ನೀರು ತುಂಬುತ್ತಾಳೆ. ಆಕೆಯ ಕೇರಿಯವರು ಆ ಮೆಟ್ಟಿಲು ಇಳಿಯುವಂತಿರಲಿಲ್ಲ. ಗೌಡ ಬಂದು ಕೊಡಕ್ಕೆ ಒದೆಯುತ್ತಾನೆ, ಮಣ್ಣಿನ ಕೊಡ ಚೂರಾಗುತ್ತದೆ. ಆಕೆ ಅಲ್ಲಿಂದ ಹೋಗುವುದಿಲ್ಲ. ಚೂರುಗಳನ್ನು ಉಡಿಯಲ್ಲಿ ಹಾಕಿಕೊಂಡು ಮೆಟ್ಟಿಲ ಮೇಲೇ ಕೂರುತ್ತಾಳೆ, ಕೇರಿಯ ಹೆಂಗಸರು ಬಂದು ಜೊತೆಗೆ ಕೂರುತ್ತಾರೆ. ಅವರನ್ನು ದಾಟಿ ನೀರಿಗಿಳಿದರೆ ಮೈಲಿಗೆ. ಹಾಗಾಗಿ ಊರಿಗೆ ಊರೇ ನೀರಿಲ್ಲದೆ ಒದ್ದಾಡುತ್ತದೆ. ಇಳಿಹೊತ್ತಿಗೆ ಗೌಡ ಹೊಸ ಕೊಡ ತಂದು, "ತಪ್ಪಾತು. ಈ ಕೊಡ ತಗೊ" ಎನ್ನುತ್ತಾನೆ.

ಫೋನಿನಲ್ಲಿ ಬಂದದ್ದು ಹೀಗಿತ್ತು: ಸೋನಾಬಾಯಿ, "ತಪ್ಪಾತು." ಗೌಡ, "ಈ ಕೊಡ ತಗೊ."

ತಪ್ಪೊಪ್ಪಿಕೊಂಡ ಹೆಂಗಸು, ಉದಾರಿಯಾದ ಗೌಡ! ಒಂದೇ ಒಂದು ಮಾತು ಬಾಯಿಂದ ಬಾಯಿಗೆ ಜಿಗಿದು ಆಯಿಯ ಒಂದಿಡೀ ದಿನವನ್ನು ಮಣ್ಣು ಮಾಡಿತ್ತು. ನಾನು ಹಾಗೆ ಬರೆದಿಲ್ಲ ಎಂದು ಆಮ್ರಪಾಲಿ ಆಣೆ ಮಾಡಿದಳು. ಆಯಿ ನಂಬಿದಳೋ ಬಿಟ್ಟಳೋ ತಿಳಿಯಲಿಲ್ಲ. ಪುಟ ತೋರಿಸೋಣವೆಂದರೆ ನೋಡುವ ಕಣ್ಣಿಲ್ಲ. ಆ ಸಂಕಟಕ್ಕೇ ಅವಳ ಸಿಟ್ಟು ನೆತ್ತಿಗೇರಿತು.

ಪುಸ್ತಕ ಬಗಲಲ್ಲಿಟ್ಟುಕೊಂಡು ವಿಜಯಪುರದ ಬಸ್ಸು ಹತ್ತಿದಳು. ಗೋಳಗುಮ್ಮಟದ ಹತ್ತಿರ, ಟೋಪಿ ಮತ್ತು ಆಟಿಕೆ ಮಾರುವ ಅಂಗಡಿಯ ಮಾಳಿಗೆಯಲ್ಲಿ ಆ ಕಚೇರಿ. ಅಲ್ಲಿ ಇಬ್ಬರೇ. ಮಾತುಗಳನ್ನು ಪಾತ್ರಗಳ ಹೆಸರಿಗೆ ಹಾಕಿ ಹೆಣ್ಣಿನ ಪಾತ್ರಗಳನ್ನು ಓದುವವಳು ಗೀತಾಂಜಲಿ. ಎಲ್ಲವನ್ನೂ ತಿದ್ದಿ, ಗಂಡಿನ ಪಾತ್ರ ಓದುವವನು ಸುಭಾಷ. ಅವನೇ ಮುಖ್ಯಸ್ಥ, ಹಾಗೆಂದು ಕುರ್ಚಿಯಲ್ಲಿ ಕೂತ ರೀತಿಯೇ ಹೇಳುತ್ತಿತ್ತು.

ಆಮ್ರಪಾಲಿ ಪುಟ ತೆರೆದು ಮೇಜಿನ ಮೇಲೆ ಬಡಿದಳು. ಮೊದಲು ಕೆರೆಯ ಚಿತ್ರದ ಚೌಕಟ್ಟು. ಅದರಲ್ಲಿ ಗೌಡನ ಮಾತು ತುಂಬಿದ ಬಲೂನು ಬಲಗಡೆ ಮೇಲಿದೆ: "ಯಾರನ್ನ ಕೇಳಿ ಕೆರಿಗಿ ಕೊಡ ಹಾಕಿದಿ?" ಸೋನಾಬಾಯಿಯದು ಎಡಗಡೆ ಕೆಳಗಿದೆ: "ಕೆರೀನ್ನs ಕೇಳೇನಿ. ಬ್ಯಾಡ ಅನ್ನಲಿಲ್ಲ." ಧ್ವನಿಯಲ್ಲಿ ಉತ್ತರ ಮೊದಲು ಬಂದು ಪ್ರಶ್ನೆ ಆಮೇಲೆ ಬಂದಿತ್ತು. ಸುಭಾಷ ನೋಡಿದವನೇ ಒಪ್ಪಿಕೊಂಡ. ಪುಟದಿಂದ ಅಕ್ಷರ ಎತ್ತಿಕೊಡುವ ಸಾಫ್ಟ್‌ವೇರ್ ಎಡಗಡೆಯದನ್ನೇ ಮೊದಲು ಕೊಡುತ್ತದೆ, ಮೇಲಿನದನ್ನು ಮೊದಲು ಓದಿ, ಎತ್ತರ ಸಮ ಇದ್ದಾಗ ಮಾತ್ರ ಎಡದಿಂದ ಶುರು ಮಾಡಬೇಕಿತ್ತು, ನಾವು ನೋಡದೆ ಬಿಟ್ಟೆವು ಎಂದ. ಯಂತ್ರಕ್ಕೆ ಕತೆ ಗೊತ್ತಿಲ್ಲ, ಹೋಗಲಿ ಎಂದು ಅವಳೂ ಬಿಟ್ಟಳು.

ಕೊನೆಯ ಚೌಕಟ್ಟಿಗೆ ಬಂದರು. ಮುಂದೆ ದೊಡ್ಡದಾಗಿ ಕೂತ ಸೋನಾಬಾಯಿ, ಬಲತುದಿಯಲ್ಲಿ ಸಣ್ಣಗೆ ನಿಂತ ಗೌಡ. ಜಾಗ ಇದ್ದದ್ದು ಆಕೆಯ ತಲೆಯ ಮೇಲೆ, ಹಾಗಾಗಿ "ತಪ್ಪಾತು" ಎಂಬ ಬಲೂನು ಅಲ್ಲಿದೆ. ಅದರ ಪಕ್ಕದಲ್ಲಿ "ಈ ಕೊಡ ತಗೊ." ಎರಡರ ನಡುವೆ ಸಣ್ಣ ಕುತ್ತಿಗೆಯಂಥ ಕೂಡುಗೆರೆ, ಒಬ್ಬನೇ ಉಸಿರೆಳೆದುಕೊಂಡು ಮುಂದುವರಿಸಿದ ಮಾತು ಎಂದು ಅದರ ಅರ್ಥ. ಎರಡನೆಯದರ ಬಾಲ, ಮಾತು ಯಾರದೆಂದು ತೋರಿಸುವ ಚೂಪು ಗೆರೆ, ಗೌಡನ ಬಾಯಿಯ ತನಕ ಹೋಗಿದೆ.

"ಬಲೂನು ಯಾರ ತಲಿ ಮ್ಯಾಲಾದ್ರೂ ಇರಲಿ, ಬಾಲ ಯಾರ ಬಾಯಿಗಿ ಹೋಗೇತಿ ನೋಡ್ರಿ," ಎಂದಳು ಆಮ್ರಪಾಲಿ.

ಗೀತಾಂಜಲಿ ತಲೆ ಎತ್ತದೆ, ತಾನು ಎರಡನ್ನೂ ಗೌಡನ ಹೆಸರಿಗೇ ಹಾಕಿದ್ದೆ ಎಂದಳು. ಆಮ್ರಪಾಲಿ ಸುಭಾಷನನ್ನು ನೋಡಿದಳು. ಬಾಲ ಕಾಣಲಿಲ್ಲ ಎಂದಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಅವನಿಗೆ ಮುಚ್ಚಿಡುವಂಥದ್ದೇನೂ ಇದೆ ಎಂದು ಅನಿಸಿಯೇ ಇರಲಿಲ್ಲ.

"ಬಾಲ ನೋಡೇನ್ರಿ ಮೇಡಂ. ನೀವು ತಪ್ಪಿ ಎಳದೀರಿ ಅಂತ ತಿದ್ದೇನಿ," ಎಂದ. "ಆ ಕಾಲದಾಗ ಗೌಡ್ರು ಇಂಥವರಿಗೆ ತಪ್ಪಾತು ಅಂತಿದ್ರೇನ್ರಿ?"

ಇಂಥವರಿಗೆ. ಆ ಒಂದು ಶಬ್ದ ಅವಳ ಎದೆಗೆ ಕೊಳ್ಳಿ ಇಟ್ಟಿತು. ಇವನಿಗೆ ಕಣ್ಣಿತ್ತು, ಬಾಲ ಕಂಡಿತ್ತು, ಕುತ್ತಿಗೆಯೂ ಕಂಡಿತ್ತು. ಕಂಡದ್ದನ್ನು ಬಿಟ್ಟು, ಯಾರು ತಪ್ಪೊಪ್ಪಿಕೊಳ್ಳಬೇಕು ಎಂದು ತಲೆಯಲ್ಲಿ ಮೊದಲೇ ಬರೆದಿಟ್ಟುಕೊಂಡದ್ದನ್ನು ಓದಿದ್ದ. ಕೂಡಿಸಿದ ಮಾತನ್ನು ಕುತ್ತಿಗೆಯಲ್ಲೇ ಕತ್ತರಿಸಿದ್ದ. ಅಂದು ಗೌಡ ಒಡೆದದ್ದು ಕೊಡ ಮಾತ್ರ. ಇವನು ಎ.ಸಿ. ರೂಮಿನಲ್ಲಿ ಕೂತು ಆಯಿಯ ಬಾಯಿಗೇ ಕೈ ಹಾಕಿದ್ದ. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು, ಆಮ್ರಪಾಲಿ ನುಂಗಿದಳು. ಬೈದರೆ ಅವಳದೇ ಬಾಯಿ ಜೋರು ಎಂದು ಅವನು ಪಾರಾಗುತ್ತಿದ್ದ.

ಕತೆಯನ್ನೇ ವಾಪಸು ತೆಗೆದುಕೊಳ್ಳುತ್ತೇನೆ ಎಂದಳು. ಸುಭಾಷ ಆಗ ಮೆತ್ತಗಾದ. ತಿದ್ದಿ ಮತ್ತೆ ಓದುವುದೇನು ದೊಡ್ಡದು, ಆಗಲಿ ಎಂದ. ಅವಳು ಒಂದೇ ಷರತ್ತು ಹಾಕಿದಳು: ಓದುವಾಗ ಆಯಿ ಎದುರಿಗೆ ಕೂತಿರಬೇಕು. ಅವನು ನಕ್ಕು ಒಪ್ಪಿದ. ಮುದುಕಿಯೊಬ್ಬಳು ಕೂತರೆ ತನಗೇನು ಎಂದುಕೊಂಡಿರಬೇಕು.

ಮರುದಿನ ಸೋನಾಬಾಯಿ ಮೊಮ್ಮಗಳ ಭುಜ ಹಿಡಿದು ಮಾಳಿಗೆ ಹತ್ತಿದಳು. ಗೀತಾಂಜಲಿ ಕುರ್ಚಿ ಹಾಕಿದಳು. ಮೊದಲು ಕೆರೆಯ ಮಾತು ಸರಿಯಾದ ಸಾಲಿನಲ್ಲಿ ಆಯಿತು, ಪ್ರಶ್ನೆ ಮೊದಲು, ಉತ್ತರ ಆಮೇಲೆ. ಆಯಿ ತಲೆದೂಗಿದಳು. ಆಮೇಲೆ ಸುಭಾಷ ಮೈಕಿನ ಮುಂದೆ ಬಾಗಿ ಗಡುಸಾಗಿ "ತಪ್ಪಾತು" ಎಂದ.

"ಇಷ್ಟು ಜೋರ ಅಂದಿದ್ದಿಲ್ರಿ ಆತ," ಎಂದಳು ಸೋನಾಬಾಯಿ.

ಅವನು ದನಿ ತಗ್ಗಿಸಿ ಮತ್ತೆ ಅಂದ. ಆಕೆ ಅಲ್ಲ ಎಂದು ತಲೆಯಾಡಿಸಿದಳು. ಮತ್ತೊಮ್ಮೆ ಅಂದ. ಅವನ ಹಣೆಯಲ್ಲಿ ಬೆವರು ಮೂಡಿತ್ತು. ಆಮ್ರಪಾಲಿಗೆ ಒಂದಿಷ್ಟೂ ಕನಿಕರ ಹುಟ್ಟಲಿಲ್ಲ.

"ಯಾರಿಗೆ ಅನ್ನಾಕತ್ತೀರಿ?" ಎಂದು ಕೇಳಿದಳು ಆಯಿ. "ಆ ಮಶಿನ್ನಿಗೋ, ನನಗೋ?"

ಸುಭಾಷ ಮೈಕಿನಿಂದ ಮುಖ ಎತ್ತಿ, ಕಾಣದ ಆ ಕಣ್ಣುಗಳನ್ನು ನೋಡಿದ, ಬಹಳ ಹೊತ್ತು ನೋಡಲಾಗದೆ ತಲೆ ತಗ್ಗಿಸಿದ. ತಗ್ಗಿಸಿದ ತಲೆಯಲ್ಲೇ, ನಡುವೆ ಕಡಿಯದೆ, "ತಪ್ಪಾತು. ಈ ಕೊಡ ತಗೊ" ಎಂದ.

"ಹಾಂ. ಹಿಂಗs ಅಂದಿದ್ದ," ಎಂದಳು ಸೋನಾಬಾಯಿ.

ಮುಂದೆ ಸೋನಾಬಾಯಿಯ ಮಾತು ಏನಾದರೂ ಇದೆಯೇ ಎಂದು ಗೀತಾಂಜಲಿ ಪುಟದಲ್ಲಿ ಹುಡುಕಿದಳು. ಆ ಚೌಕಟ್ಟಿನಲ್ಲಿ ಆಯಿಗೆ ಬಲೂನು ಇರಲಿಲ್ಲ. ಸುಭಾಷ ಮೆಲ್ಲಗೆ, ಕೇಳುವ ಮಕ್ಕಳಿಗೆ ತಿಳಿಯಲೆಂದು ಕೊನೆಗೊಂದು ಸಮಾಧಾನದ ಮಾತು ಸೇರಿಸೋಣವೇ ಎಂದ. ಆಮ್ರಪಾಲಿ ಬಾಯಿ ತೆರೆಯುವ ಮೊದಲೇ ಆಯಿ ಕೈ ಎತ್ತಿ ತಡೆದಳು.

"ಕೊಡ ತಗೊಂಡೇನಿ," ಎಂದಳು. "ಮಾಫ್ ಮಾಡೇನಿ ಅಂತ ನನ್ನ ಬಾಯಾಗ ಹಾಕಬ್ಯಾಡ್ರಿ."